ಹುಡುಗಿಯಿಂದ ಎಣಿಸಿದರೆ ಪ್ರತ್ಯಕ್, ಹುಡುಗನಿಂದ ಎಣಿಸಿದರೆ ಸಾಧನ: ತಾರಾಬಲದ ಲೆಕ್ಕ

ನಮ್ಮ ದೊಡ್ಡಮ್ಮನ ಮಗಳಿಗೆ ಗಂಡು ನೋಡುತ್ತಿದ್ದಾಗ ನಡೆದ ಮಾತು ಇದು. ಹುಡುಗಿಯದು ಹಸ್ತ ನಕ್ಷತ್ರ, ಹುಡುಗನದು ಅನುರಾಧ. ಇಬ್ಬರದೂ ದೇವಗಣ. ನಾಡಿ ಬೇರೆ ಬೇರೆ. ಕನ್ಯಾ ರಾಶಿಗೂ ವೃಶ್ಚಿಕ ರಾಶಿಗೂ ಮೂರು-ಹನ್ನೊಂದರ ಸಂಬಂಧ, ಅದೂ ಒಳ್ಳೆಯದೇ. ಸಾಲಾವಳಿ ಕೂಡಿ ಬಂತು ಅಂತ ಎಲ್ಲರೂ ಖುಷಿಯಲ್ಲಿದ್ದರು. ಅಷ್ಟರಲ್ಲಿ ನಮ್ಮ ಕಡೆಯ ಜೋಯಿಸರು, "ತಾರೆ ಪ್ರತ್ಯಕ್ ಬರುತ್ತೆ, ಇದು ಅನುಕೂಲ ಅಲ್ಲ" ಅಂದರು. ಗಂಡಿನ ಕಡೆಯವರಿಗೆ ಫೋನ್ ಮಾಡಿದರೆ, "ಇಲ್ಲವಲ್ಲ, ನಮ್ಮವರು ಸಾಧನ ತಾರೆ, ಬಹಳ ಚೆನ್ನಾಗಿದೆ ಅಂದರಲ್ಲ" ಅಂತ ಉತ್ತರ ಬಂತು.

ದೊಡ್ಡಮ್ಮನಿಗೆ ಗಾಬರಿ. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ ಅಂತ ಮನೆಯಲ್ಲಿ ತೀರ್ಮಾನವೂ ಆಯಿತು. ನಾನು ಪಂಚಾಂಗ ತೆಗೆದು ಬೆರಳು ಮಡಚಿ ಎಣಿಸುತ್ತಾ ಕೂತೆ. ಇಬ್ಬರೂ ಸರಿಯಾಗಿಯೇ ಹೇಳಿದ್ದರು! ಅಷ್ಟೇ ಅಲ್ಲ, ಒಬ್ಬರಿಗೆ ಪ್ರತ್ಯಕ್ ಬಂದರೆ ಇನ್ನೊಬ್ಬರಿಗೆ ಸಾಧನ ಬರಲೇಬೇಕು. ಬೇರೆ ಏನೂ ಬರುವುದಕ್ಕೆ ಸಾಧ್ಯವೇ ಇಲ್ಲ. ಅದು ಯಾಕೆ ಹಾಗೆ ಅಂತ ಗೊತ್ತಾದರೆ ತಾರಾಬಲದ ಮುಕ್ಕಾಲು ಭಾಗ ಗೊತ್ತಾದ ಹಾಗೆ.

ಮೊದಲು ಎಣಿಕೆ ನೋಡೋಣ. ಅಶ್ವಿನಿಯಿಂದ ರೇವತಿಯವರೆಗೆ ನಕ್ಷತ್ರಗಳು 27. ಉತ್ತರಾಷಾಢಕ್ಕೂ ಶ್ರವಣಕ್ಕೂ ನಡುವೆ ಅಭಿಜಿತ್ ಅಂತ ಇನ್ನೊಂದನ್ನು ಹೇಳುವುದುಂಟು. ಆದರೆ ತಾರಾಬಲದ ಲೆಕ್ಕಕ್ಕೆ ಅದು ಬರುವುದಿಲ್ಲ. ಒಬ್ಬರ ಜನ್ಮ ನಕ್ಷತ್ರವನ್ನು ಒಂದು ಅಂತ ಇಟ್ಟುಕೊಳ್ಳಬೇಕು. ಅಲ್ಲಿಂದ ಮುಂದಕ್ಕೆ, ಇನ್ನೊಬ್ಬರ ನಕ್ಷತ್ರ ಸಿಗುವವರೆಗೆ ಎಣಿಸಬೇಕು. ರೇವತಿ ದಾಟಿದರೆ ಮತ್ತೆ ಅಶ್ವಿನಿಯಿಂದ ಮುಂದುವರಿಸಬೇಕು. ಬಂದ ಸಂಖ್ಯೆ 9ಕ್ಕಿಂತ ಜಾಸ್ತಿ ಇದ್ದರೆ 9ರಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು. ಶೇಷ ಸೊನ್ನೆ ಬಂದರೆ ಅದನ್ನು 9 ಅಂತಲೇ ತಿಳಿಯಬೇಕು.

ಆ ಒಂಬತ್ತಕ್ಕೆ ಒಂಬತ್ತು ಹೆಸರುಗಳಿವೆ. ಒಂದು ಜನ್ಮ, ಎರಡು ಸಂಪತ್, ಮೂರು ವಿಪತ್, ನಾಲ್ಕು ಕ್ಷೇಮ, ಐದು ಪ್ರತ್ಯಕ್, ಆರು ಸಾಧನ, ಏಳು ನೈಧನ, ಎಂಟು ಮಿತ್ರ, ಒಂಬತ್ತು ಪರಮಮಿತ್ರ. ಪ್ರತ್ಯಕ್ ಅನ್ನುವುದನ್ನು ಪ್ರತ್ಯರಿ ಅಂತಲೂ, ನೈಧನವನ್ನು ವಧ ಅಂತಲೂ ಕೆಲವರು ಕರೆಯುತ್ತಾರೆ. ಹೆಸರು ಕೇಳಿದರೇ ಯಾವುದು ಬೇಡದ್ದು ಅಂತ ಗೊತ್ತಾಗುತ್ತದೆ: ವಿಪತ್ ಅಂದರೆ ಆಪತ್ತು, ಪ್ರತ್ಯರಿ ಅಂದರೆ ಎದುರು ನಿಂತ ಶತ್ರು, ನೈಧನ ಅಂದರೆ ಸಾವು. ಹಾಗಾಗಿ 3, 5, 7 ಕೆಟ್ಟವು. ಈ ಮೂರು ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮೂರೂ ಬೆಸ ಸಂಖ್ಯೆಗಳು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ನಮ್ಮ ಹುಡುಗಿಯ ಕಡೆಯಿಂದ ಎಣಿಸೋಣ. ಹಸ್ತ ಒಂದು, ಚಿತ್ತ ಎರಡು, ಸ್ವಾತಿ ಮೂರು, ವಿಶಾಖ ನಾಲ್ಕು, ಅನುರಾಧ ಐದು. ಐದು ಅಂದರೆ ಪ್ರತ್ಯಕ್. ನಮ್ಮ ಜೋಯಿಸರು ಹೇಳಿದ್ದು ಇದನ್ನೇ.

ಹುಡುಗನ ಕಡೆಯಿಂದ ಎಣಿಸಿದರೆ ದಾರಿ ಉದ್ದ. ಅನುರಾಧ ಒಂದು, ಜ್ಯೇಷ್ಠ ಎರಡು, ಮೂಲ ಮೂರು, ಹೀಗೆ ಹೋಗಿ ಪೂರ್ವಾಭಾದ್ರಕ್ಕೆ ಒಂಬತ್ತು, ರೇವತಿಗೆ ಹನ್ನೊಂದು. ಅಲ್ಲಿಂದ ಅಶ್ವಿನಿ ಹನ್ನೆರಡು, ರೋಹಿಣಿ ಹದಿನೈದು, ಪುನರ್ವಸು ಹದಿನೆಂಟು, ಮಖ ಇಪ್ಪತ್ತೊಂದು, ಪುಬ್ಬ ಇಪ್ಪತ್ತೆರಡು, ಉತ್ತರೆ ಇಪ್ಪತ್ತಮೂರು, ಹಸ್ತ ಇಪ್ಪತ್ತನಾಲ್ಕು. 24ರಲ್ಲಿ ಎರಡು ಒಂಬತ್ತು ತೆಗೆದರೆ ಉಳಿಯುವುದು 6. ಆರು ಅಂದರೆ ಸಾಧನ. ಗಂಡಿನ ಕಡೆಯವರು ಹೇಳಿದ್ದೂ ನಿಜವೇ.

ಮನೆಯಲ್ಲಿ ಎಣಿಸುವವರು ಜಾಸ್ತಿ ತಪ್ಪುವುದು ಇಲ್ಲಿಯೇ. ಹುಡುಗಿಯ ನಕ್ಷತ್ರವನ್ನು ಬಿಟ್ಟು ಅದರ ಮುಂದಿನದನ್ನು ಒಂದು ಅಂತ ಹಿಡಿಯುತ್ತಾರೆ. ಆಗ ಅನುರಾಧ ನಾಲ್ಕನೆಯದಾಗಿ ಕ್ಷೇಮ ಆಗಿಬಿಡುತ್ತದೆ. ತಪ್ಪು ಒಂದೇ ಒಂದು ಅಂಕಿಯದು, ಆದರೆ ಫಲ ಪೂರ್ತಿ ಉಲ್ಟಾ. ಈ ತಪ್ಪು ಆಗಿದೆಯೇ ಅಂತ ಪತ್ತೆ ಹಚ್ಚುವುದಕ್ಕೆ ಒಂದು ಸುಲಭದ ದಾರಿ ಇದೆ. ಎರಡೂ ಕಡೆಯಿಂದ ಎಣಿಸಿ, ಬಂದ ಎರಡು ಸಂಖ್ಯೆಗಳನ್ನು ಕೂಡಿಸಿ. ಮೊತ್ತ 29 ಬರಬೇಕು. ನಮ್ಮ ಲೆಕ್ಕದಲ್ಲಿ 5 ಮತ್ತು 24, ಮೊತ್ತ 29. ಸರಿಯಾಗಿದೆ. 27 ಬಂದರೆ ಎರಡು ಸಲವೂ ಮೊದಲನೆಯದನ್ನು ಬಿಟ್ಟು ಎಣಿಸಿದ್ದೀರಿ ಅಂತ ಅರ್ಥ. 28 ಬಂದರೆ ಒಂದು ಕಡೆ ಬಿಟ್ಟಿದ್ದೀರಿ, ಇಲ್ಲ ದಾರಿಯಲ್ಲಿ ಎಲ್ಲೋ ಒಂದು ನಕ್ಷತ್ರ ಹಾರಿದೆ.

29 ಯಾಕೆ? ನಕ್ಷತ್ರಗಳನ್ನು ಒಂದು ಬಳೆಯ ಮೇಲೆ ಜೋಡಿಸಿದ 27 ಮಣಿಗಳು ಅಂತ ಅಂದುಕೊಳ್ಳಿ. ಹಸ್ತದಿಂದ ಹೊರಟು ಅನುರಾಧಕ್ಕೆ ಹೋದಿರಿ. ಅನುರಾಧದಿಂದ ಅದೇ ದಿಕ್ಕಿನಲ್ಲಿ ಮುಂದುವರಿದು ಹಸ್ತಕ್ಕೆ ಬಂದಿರಿ. ಬಳೆಯನ್ನು ಒಂದು ಪೂರ್ತಿ ಸುತ್ತು ಹಾಕಿದ ಹಾಗಾಯಿತು. ಎಲ್ಲ ಮಣಿಯನ್ನೂ ಒಂದೊಂದು ಸಲ ಎಣಿಸಿದಿರಿ, ಆದರೆ ಹಸ್ತ ಮತ್ತು ಅನುರಾಧವನ್ನು ಮಾತ್ರ ಎರಡೆರಡು ಸಲ ಎಣಿಸಿದಿರಿ. ಒಮ್ಮೆ ಹೊರಡುವ ಜಾಗವಾಗಿ, ಇನ್ನೊಮ್ಮೆ ಮುಟ್ಟುವ ಜಾಗವಾಗಿ. 27ಕ್ಕೆ ಎರಡು ಸೇರಿ 29. ಯಾವ ಎರಡು ನಕ್ಷತ್ರ ತೆಗೆದುಕೊಂಡರೂ ಇದು ಬದಲಾಗುವುದಿಲ್ಲ. ಇಬ್ಬರದೂ ಒಂದೇ ನಕ್ಷತ್ರವಾದರೆ ಮಾತ್ರ ಸುತ್ತುವ ಮಾತೇ ಇಲ್ಲ, ಆ ಕಡೆಯೂ ಒಂದು, ಈ ಕಡೆಯೂ ಒಂದು.

ಈಗ ಮಜಾ ನೋಡಿ. 27 ಅನ್ನುವುದು ಮೂರು ಒಂಬತ್ತು. ಒಂಬತ್ತುಗಳನ್ನು ತೆಗೆದುಹಾಕಿದ ಮೇಲೆ ಎರಡು ಕಡೆಯ ಶೇಷಗಳ ಮೊತ್ತ 11 ಆಗಲೇಬೇಕು, ಒಂದೇ ಒಂದು ಸಂದರ್ಭ ಬಿಟ್ಟು. ಆ ಸಂದರ್ಭ ಎರಡೂ ಕಡೆ ಶೇಷ 1 ಬರುವುದು, ಆಗ ಮೊತ್ತ 2. ಹಾಗಾದರೆ ಜೋಡಿಗಳು ಹೀಗಾಗುತ್ತವೆ. ಒಂದು ಕಡೆ ಸಂಪತ್ ಬಂದರೆ ಇನ್ನೊಂದು ಕಡೆ ಪರಮಮಿತ್ರ. ಒಂದು ಕಡೆ ವಿಪತ್ ಬಂದರೆ ಇನ್ನೊಂದು ಕಡೆ ಮಿತ್ರ. ಪ್ರತ್ಯಕ್ ಬಂದರೆ ಸಾಧನ. ನೈಧನ ಬಂದರೆ ಕ್ಷೇಮ. ಜನ್ಮ ಬಂದರೆ ಜನ್ಮ. ಇಷ್ಟೇ. ಆರನೆಯ ಜೋಡಿ ಅಂತ ಒಂದು ಇಲ್ಲ.

ಇದರಿಂದ ಬಹಳ ಜನ ಗಮನಿಸದ ಒಂದು ವಿಷಯ ಹೊರಗೆ ಬರುತ್ತದೆ. ಕೆಟ್ಟ ತಾರೆಗಳು ಮೂರೂ ಬೆಸ ಸಂಖ್ಯೆ ಅಂತ ಆಗಲೇ ನೋಡಿದೆವು. ಎರಡು ಬೆಸ ಸಂಖ್ಯೆಗಳನ್ನು ಕೂಡಿಸಿದರೆ 11 ಬರುವುದಿಲ್ಲ, ಸಮಸಂಖ್ಯೆಯೇ ಬರುತ್ತದೆ. ಅಂದರೆ ಹುಡುಗಿಯಿಂದಲೂ ಕೆಟ್ಟ ತಾರೆ, ಹುಡುಗನಿಂದಲೂ ಕೆಟ್ಟ ತಾರೆ ಅನ್ನುವ ಜೋಡಿ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಒಂದು ಕಡೆ ಕೆಟ್ಟದ್ದು ಬಂದರೆ ಇನ್ನೊಂದು ಕಡೆ ಒಳ್ಳೆಯದು ಗ್ಯಾರಂಟಿ.

ಇದನ್ನು ಗುಣ ಕೂಡಿಸುವ ಲೆಕ್ಕಕ್ಕೆ ಹಚ್ಚಿ ನೋಡೋಣ. ಅಷ್ಟಕೂಟದ ಪದ್ಧತಿಯಲ್ಲಿ ಒಟ್ಟು 36 ಗುಣ. ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಹೀಗೆ ಒಂದೊಂದೇ ಏರುತ್ತಾ ಹೋಗಿ ನಾಡಿಗೆ 8. ತಾರೆಯ 3 ಗುಣವನ್ನು ಎರಡು ಪಾಲು ಮಾಡುತ್ತಾರೆ. ಹುಡುಗಿಯಿಂದ ಎಣಿಸಿದ್ದು ಒಳ್ಳೆಯ ತಾರೆಯಾದರೆ ಒಂದೂವರೆ, ಹುಡುಗನಿಂದ ಎಣಿಸಿದ್ದು ಒಳ್ಳೆಯದಾದರೆ ಒಂದೂವರೆ. ಎರಡೂ ಒಳ್ಳೆಯದಾದರೆ ಮೂರು. ಎರಡೂ ಕೆಟ್ಟದ್ದಾದರೆ ಸೊನ್ನೆ ಅಂತ ನಿಯಮ ಹೇಳುತ್ತದೆ. ಈ ನಿಯಮವನ್ನು ಹಿಡಿದು ಒಂಬತ್ತು ಸಾಲು, ಒಂಬತ್ತು ಕಂಬದ ಕೋಷ್ಟಕವನ್ನೂ ಮಾಡುತ್ತಾರೆ. ಅದರಲ್ಲಿ 3, 5, 7 ಒಂದಕ್ಕೊಂದು ಸೇರುವ ಒಂಬತ್ತು ಮನೆಗಳಲ್ಲಿ ಸೊನ್ನೆ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ಆ ಮನೆಗಳಲ್ಲಿ ಯಾರೂ ಹೋಗಿ ಕೂರುವುದಕ್ಕೆ ಆಗುವುದಿಲ್ಲ. ಕೋಷ್ಟಕ ತುಂಬಬೇಕು ಅಂತ ತುಂಬಿದ ಅಂಕಿ ಅದು.

ಹಾಗಾದರೆ ತಾರಾಕೂಟದಲ್ಲಿ ಬರುವುದು ಎರಡೇ ಉತ್ತರ: ಮೂರು, ಇಲ್ಲ ಒಂದೂವರೆ. ಮೂರು ಬರಬೇಕಾದರೆ ಎರಡು ಕಡೆಯೂ ಜನ್ಮ ಬರಬೇಕು, ಇಲ್ಲವೇ ಸಂಪತ್-ಪರಮಮಿತ್ರದ ಜೋಡಿ ಬರಬೇಕು. ಒಂದು ಹುಡುಗಿಯ ನಕ್ಷತ್ರಕ್ಕೆ 27 ನಕ್ಷತ್ರಗಳ ಪೈಕಿ 9 ಹೀಗೆ ಹೊಂದುತ್ತವೆ. ಉಳಿದ 18ಕ್ಕೂ ಒಂದೂವರೆ. ಮೊಬೈಲ್‌ನಲ್ಲಿ ಜಾತಕ ಹಾಕಿ ನೋಡುವವರು "ತಾರೆ 1.5/3" ಅಂತ ಬಂದರೆ, ಅಯ್ಯೋ ಅರ್ಧಕ್ಕೆ ಅರ್ಧ ಹೋಯಿತಲ್ಲ ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಿಜ ಹೇಳಬೇಕು ಅಂದರೆ ಮೂರರಲ್ಲಿ ಎರಡು ಪಾಲು ಜೋಡಿಗಳಿಗೆ ಬರುವುದೇ ಅಷ್ಟು. ಅದಕ್ಕಿಂತ ಕಡಿಮೆ ಯಾರಿಗೂ ಬರುವುದಿಲ್ಲ.

ಇನ್ನೊಂದು ಥರ ನೋಡಿದರೆ, ಒಂದೂವರೆ ಗುಣ ಎಲ್ಲರಿಗೂ ಸುಮ್ನೆ ಸಿಗುತ್ತದೆ. ತಾರೆಯಿಂದ ನಿಜವಾಗಿ ಹೆಚ್ಚು ಕಡಿಮೆ ಆಗುವುದು ಇನ್ನೊಂದು ಒಂದೂವರೆ ಮಾತ್ರ. 36ರಲ್ಲಿ 18 ಬಂದರೆ ಸಾಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಿಕ್ಕ ಏಳು ಕೂಟದಿಂದ ಹದಿನೈದು, ಹದಿನಾರು ಬಂದು ನಿಂತ ಜಾತಕಗಳಿಗೆ ಈ ಒಂದೂವರೆ ದಡ ಮುಟ್ಟಿಸಬಹುದು, ಕೈಬಿಡಲೂಬಹುದು. ಇಪ್ಪತ್ತೈದು ಬಂದವರಿಗೆ ಇದರಿಂದ ಏನೂ ವ್ಯತ್ಯಾಸವಿಲ್ಲ.

ಹಾಗಾದರೆ ನಮ್ಮ ಜೋಯಿಸರು ಒಂದೂವರೆ ಗುಣ ಅನ್ನದೆ, ಅನುಕೂಲ ಅಲ್ಲ ಅಂತ ಯಾಕೆ ಅಂದರು? ಅವರು ನೋಡಿದ್ದು ಅಷ್ಟಕೂಟವನ್ನಲ್ಲ. ದಕ್ಷಿಣದ ಕಡೆ ಚಾಲ್ತಿಯಲ್ಲಿರುವ ದಶಕೂಟ ಪದ್ಧತಿಯಲ್ಲಿ ದಿನಕೂಟ ಅಂತ ಒಂದಿದೆ. ಎಣಿಕೆ ಅದೇ, ಒಂಬತ್ತರ ಭಾಗಾಕಾರವೂ ಅದೇ. ಆದರೆ ಎಣಿಸುವುದು ಹುಡುಗಿಯ ನಕ್ಷತ್ರದಿಂದ ಹುಡುಗನ ನಕ್ಷತ್ರಕ್ಕೆ ಮಾತ್ರ. ಒಂದೇ ದಿಕ್ಕು. ಶೇಷ 2, 4, 6, 8 ಅಥವಾ 9 ಬಂದರೆ ಕೂಟ ಇದೆ. 3, 5, 7 ಬಂದರೆ ಇಲ್ಲ. ಅರ್ಧ, ಒಂದೂವರೆ ಅನ್ನುವ ಮಾತಿಲ್ಲ.

ಈ ಎರಡು ಪದ್ಧತಿಗಳ ನಡುವಿನ ವ್ಯತ್ಯಾಸ ನಮ್ಮ ಹಸ್ತ-ಅನುರಾಧದಲ್ಲಿ ಚೆನ್ನಾಗಿ ಕಾಣುತ್ತದೆ. ಹುಡುಗಿ ಹಸ್ತ, ಹುಡುಗ ಅನುರಾಧ ಆದರೆ ದಿನಕೂಟ ಇಲ್ಲ. ಅದನ್ನೇ ತಿರುಗಿಸಿ, ಹುಡುಗಿ ಅನುರಾಧ, ಹುಡುಗ ಹಸ್ತ ಅಂತ ಮಾಡಿ. ಎಣಿಕೆ 24, ಶೇಷ 6, ದಿನಕೂಟ ಇದೆ. ನಕ್ಷತ್ರ ಎರಡೂ ಅವೇ, ಯಾರದು ಯಾವುದು ಅನ್ನುವುದು ಮಾತ್ರ ಬದಲಾಯಿತು. ತಾರಾಕೂಟದಲ್ಲಾದರೆ ಹೇಗೆ ಇಟ್ಟರೂ ಒಂದೂವರೆಯೇ. ಹಾಗಾಗಿ "ತಾರೆ ಕೂಡಿದೆ", "ಕೂಡಿಲ್ಲ" ಅಂತ ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು, "ಒಂದು ಕಡೆಯಿಂದ ಎಣಿಸಿದಿರೋ, ಎರಡು ಕಡೆಯಿಂದಲೋ?" ಅಂತ. ಉತ್ತರ ಕೇಳಿದ ಮೇಲೆ ನಮಗೆ ಅನುಕೂಲವಾದ ಪದ್ಧತಿ ಹುಡುಕುವುದು ಬೇರೆ ಕಥೆ, ಅದು ಎಲ್ಲರ ಮನೆಯಲ್ಲೂ ನಡೆಯುತ್ತದೆ ಅನ್ನಿ.

ಗಂಡಿನ ಕಡೆಯವರು ಸಾಧನ ಅಂದಿದ್ದು ಎಲ್ಲಿಂದ ಬಂತು ಅಂತಲೂ ಈಗ ಊಹಿಸಬಹುದು. ಅವರು ತಮ್ಮ ಹುಡುಗನ ನಕ್ಷತ್ರದಿಂದ ಎಣಿಸಿದರು. ಎರಡು ಕಡೆಯ ಲೆಕ್ಕದಲ್ಲಿ ಅದು ಅರ್ಧ ಉತ್ತರ. ದಿನಕೂಟದ ಲೆಕ್ಕದಲ್ಲಾದರೆ ಎಣಿಸಬೇಕಾದ ದಿಕ್ಕೇ ಅದಲ್ಲ.

ಇಲ್ಲಿ ಪರ್ಯಾಯದ ಮಾತು ಬರುತ್ತದೆ. 27 ನಕ್ಷತ್ರಕ್ಕೆ ಒಂಬತ್ತರ ಸುತ್ತು ಮೂರು ಸಲ ಆಗುತ್ತದೆ. 1ರಿಂದ 9 ಮೊದಲನೆಯ ಪರ್ಯಾಯ, 10ರಿಂದ 18 ಎರಡನೆಯದು, 19ರಿಂದ 27 ಮೂರನೆಯದು. ಅದಕ್ಕೇ ಒಬ್ಬರ ಹತ್ತನೆಯ ನಕ್ಷತ್ರಕ್ಕೆ ಅನುಜನ್ಮ, ಹತ್ತೊಂಬತ್ತನೆಯದಕ್ಕೆ ತ್ರಿಜನ್ಮ ಅಂತ ಹೆಸರು. ಕೆಟ್ಟ ತಾರೆ ಮೊದಲ ಪರ್ಯಾಯದಲ್ಲಿ ಬಂದರೆ ಪೂರ್ತಿ ಬಿಡಬೇಕು, ಎರಡನೆಯದರಲ್ಲಿ ಬಂದರೆ ಕೆಲವು ಪಾದಗಳನ್ನು ಬಿಟ್ಟರೆ ಸಾಕು, ಮೂರನೆಯದರಲ್ಲಿ ಬಂದರೆ ದೋಷ ಇಲ್ಲ ಅಂತ ಒಂದು ರಿಯಾಯಿತಿ ಇದೆ. ಇದು ಮುಖ್ಯವಾಗಿ ಮುಹೂರ್ತಕ್ಕೆ ಹೇಳಿದ್ದು. ಸಾಲಾವಳಿಗೂ ಇದನ್ನೇ ಹಚ್ಚುವವರು ಇದ್ದಾರೆ.

ಹಚ್ಚಿದರೆ ಏನಾಗುತ್ತದೆ ನೋಡಿ. ಎರಡು ಎಣಿಕೆಯ ಮೊತ್ತ 29 ಆದ್ದರಿಂದ, ಒಂದು ಕಡೆಯಿಂದ ಮೊದಲ ಪರ್ಯಾಯದಲ್ಲಿ ಬಂದರೆ ಇನ್ನೊಂದು ಕಡೆಯಿಂದ ಅದು ಮೂರನೆಯ ಪರ್ಯಾಯ. 5 ಮೊದಲನೆಯದರಲ್ಲಿ, 24 ಮೂರನೆಯದರಲ್ಲಿ. ನಮ್ಮ ಹುಡುಗಿಯ ಪಾಲಿಗೆ ಬಂದ ಪ್ರತ್ಯಕ್ ಮೊದಲ ಪರ್ಯಾಯದ್ದು, ಹಾಗಾಗಿ ರಿಯಾಯಿತಿ ಸಿಗಲಿಲ್ಲ. ಹುಡುಗನದು ಅನುರಾಧ ಆಗುವ ಬದಲು ಪುನರ್ವಸು ಆಗಿದ್ದರೆ ಹಸ್ತದಿಂದ ಎಣಿಕೆ 22, ಶೇಷ 4, ಕ್ಷೇಮ. ಪುಷ್ಯ ಆಗಿದ್ದರೆ 23, ಶೇಷ 5. ಅದೂ ಪ್ರತ್ಯಕ್ಕೇ, ಆದರೆ ಮೂರನೆಯ ಪರ್ಯಾಯದ್ದು, ಹಾಗಾಗಿ ಪರವಾಗಿಲ್ಲ ಅನ್ನುತ್ತಿದ್ದರು. ಹೆಸರು ಒಂದೇ ಆದರೂ ಸುತ್ತು ಯಾವುದು ಅಂತ ಕೇಳದೆ ಗಾಬರಿ ಬೀಳಬಾರದು.

ಈ ಒಂಬತ್ತು ಎಲ್ಲಿಂದ ಬಂತು ಅಂತ ಯೋಚಿಸಿದವರಿಗೆ ಇನ್ನೊಂದು ಸಂಗತಿ ಇಷ್ಟ ಆಗಬಹುದು. ದಶೆ ಲೆಕ್ಕ ಹಾಕುವ ವಿಂಶೋತ್ತರಿ ಪದ್ಧತಿಯಲ್ಲೂ ಒಂಬತ್ತು ಗ್ರಹಗಳು ಇದೇ ಥರ ನಕ್ಷತ್ರಗಳ ಮೇಲೆ ಮೂರು ಸಲ ಸುತ್ತುತ್ತವೆ. ರೋಹಿಣಿ, ಹಸ್ತ, ಶ್ರವಣ ಮೂರಕ್ಕೂ ಚಂದ್ರ ಒಡೆಯ. ಹಸ್ತದವರಿಗೆ ಶ್ರವಣ ಹತ್ತನೆಯದು, ರೋಹಿಣಿ ಹತ್ತೊಂಬತ್ತನೆಯದು. ಅಂದರೆ ಜನ್ಮ, ಅನುಜನ್ಮ, ತ್ರಿಜನ್ಮ ಅನ್ನುವುದು ಒಬ್ಬನೇ ಗ್ರಹದ ಮೂರು ಮನೆ. ಹಸ್ತದಲ್ಲಿ ಹುಟ್ಟಿದವರಿಗೆ ದಶೆಗಳು ಚಂದ್ರ, ಕುಜ, ರಾಹು, ಗುರು, ಶನಿ ಅನ್ನುವ ಕ್ರಮದಲ್ಲಿ ಬರುತ್ತವೆ. ಐದನೆಯದು ಶನಿ. ಅನುರಾಧದ ಒಡೆಯನೂ ಶನಿಯೇ. ಹುಡುಗಿಗೆ ಹುಡುಗನ ನಕ್ಷತ್ರ ಐದನೆಯದು ಅನ್ನುವುದೂ, ಅವಳಿಗೆ ಬರುವ ಐದನೆಯ ದಶೆ ಆ ನಕ್ಷತ್ರದ ಒಡೆಯನದು ಅನ್ನುವುದೂ ಒಂದೇ ಮಾತು. ಹುಡುಗನ ಕಡೆಯಿಂದ ಶನಿ, ಬುಧ, ಕೇತು, ಶುಕ್ರ, ರವಿ, ಚಂದ್ರ ಅಂತ ಎಣಿಸಿ. ಚಂದ್ರ ಆರನೆಯವನು. 24 ನಕ್ಷತ್ರ ಎಣಿಸುವ ಬದಲು ಆರು ಗ್ರಹ ಎಣಿಸಿದರೂ ಅದೇ ಸಾಧನ ಬಂತು. ದಶೆಯ ಕ್ರಮ ಬಾಯಿಪಾಠ ಇರುವವರು ತಾರೆಯನ್ನು ಥಟ್ಟನೆ ಹೇಳುವುದು ಹೀಗೆ. ಆದರೆ ಪರ್ಯಾಯ ಯಾವುದು ಅಂತ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ನಕ್ಷತ್ರವನ್ನೇ ಎಣಿಸಬೇಕು.

ಎಣಿಕೆ ಎಷ್ಟೇ ಸರಿ ಇದ್ದರೂ ಹೊರಟ ನಕ್ಷತ್ರವೇ ತಪ್ಪಾಗಿದ್ದರೆ? ಒಂದು ನಕ್ಷತ್ರದ ಹರವು 13 ಡಿಗ್ರಿ 20 ಕಲೆ. ಚಂದ್ರ ಅದನ್ನು ದಾಟುವುದಕ್ಕೆ ಹತ್ತಿರ ಹತ್ತಿರ ಒಂದು ದಿನ ಬೇಕು. ನಕ್ಷತ್ರ ಬದಲಾಗುವ ಹೊತ್ತಿಗೆ ಹುಟ್ಟಿದವರ ವಿಷಯದಲ್ಲಿ ಗೊಂದಲ ಸಹಜ. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ವೇಳೆಯಲ್ಲಿ ವ್ಯತ್ಯಾಸ ಇರುತ್ತದೆ. ಒಂದರಲ್ಲಿ ಇನ್ನೂ ಹಸ್ತ, ಇನ್ನೊಂದರಲ್ಲಿ ಆಗಲೇ ಚಿತ್ತ.

ನಮ್ಮ ಹುಡುಗಿಯದು ಹಸ್ತ ಅಲ್ಲ, ಚಿತ್ತ ಅಂತ ಇಟ್ಟುಕೊಳ್ಳಿ. ಚಿತ್ತದಿಂದ ಅನುರಾಧ ನಾಲ್ಕು, ಕ್ಷೇಮ. ದಿನಕೂಟ ಬಂದೇಬಿಟ್ಟಿತು. ಹುಡುಗನ ಕಡೆಯಿಂದ 25, ಶೇಷ 7, ನೈಧನ. ಎರಡು ಕಡೆಯ ತಾರಾಕೂಟದಲ್ಲಿ ಮತ್ತೆ ಒಂದೂವರೆ. ಹಿಂದಿನ ನಕ್ಷತ್ರ ಉತ್ತರೆ ಅಂತ ಹಿಡಿದರೆ ಅನುರಾಧ ಆರನೆಯದು, ಸಾಧನ. ಹುಡುಗನಿಂದ 23, ಪ್ರತ್ಯಕ್. ಮತ್ತೆ ಒಂದೂವರೆಯೇ. ಗುಣ ಕದಲಲಿಲ್ಲ, ಆದರೆ ಹೆಸರುಗಳು ಪೂರ್ತಿ ಅದಲು ಬದಲಾದವು. ಒಂದು ಕಡೆಯ ಎಣಿಕೆಯನ್ನು ನಂಬುವವರು ಹುಟ್ಟಿದ ವೇಳೆಯನ್ನು, ಯಾವ ಪಂಚಾಂಗ ಅನ್ನುವುದನ್ನು ಎರಡೆರಡು ಸಲ ನೋಡಬೇಕು ಅನ್ನುವುದು ಇದಕ್ಕೇ. ಜಾತಕ ಇಲ್ಲದವರು ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುವುದುಂಟು. ಹಾಗೆ ಮಾಡುವುದಾದರೆ ಇಬ್ಬರಿಗೂ ನಾಮನಕ್ಷತ್ರವನ್ನೇ ಹಿಡಿಯಬೇಕು. ಒಬ್ಬರದು ಜನ್ಮದ್ದು, ಇನ್ನೊಬ್ಬರದು ಹೆಸರಿನದು ಅಂತ ಬೆರೆಸಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ.

ಎರಡು ಕಡೆಯೂ ಜನ್ಮತಾರೆ ಬರುವವರ ಬಗ್ಗೆ ಒಂದು ಮಾತು. ತಾರಾಕೂಟದಲ್ಲಿ ಅವರಿಗೆ ಪೂರ್ತಿ ಮೂರು. ಅದನ್ನು ನೋಡಿ ಒಂದೇ ನಕ್ಷತ್ರದವರಿಗೆ ಒಳ್ಳೆಯ ಸಾಲಾವಳಿ ಅಂದುಕೊಂಡರೆ ಕಷ್ಟ. ಒಂದೇ ನಕ್ಷತ್ರ ಅಂದಮೇಲೆ ನಾಡಿಯೂ ಒಂದೇ. ಇಲ್ಲಿ ಮೂರು ಬಂದ ಕೈಯಲ್ಲೇ ಅಲ್ಲಿ ಎಂಟು ಹೋಗುತ್ತದೆ. ಅವರಿಗೆ ಪಾದ ಬೇರೆಯೇ, ರಾಶಿ ಬೇರೆಯೇ ಅಂತ ನೋಡುವ ನಿಯಮಗಳೇ ಪ್ರತ್ಯೇಕ. ದಿನಕೂಟ ನೋಡುವವರೂ ಶೇಷ 1 ಬಂದಾಗ ಒಳ್ಳೆಯದು ಅಂತ ನೇರವಾಗಿ ಹೇಳುವುದಿಲ್ಲ.

ನಮ್ಮ ಮನೆಯ ಕಥೆಗೆ ಬರೋಣ. ದೊಡ್ಡಮ್ಮನ ಎದುರಿಗೆ ಕೂತು ನಾನು ಬಳೆಯ ಮೇಲೆ ಮಣಿ ಎಣಿಸುವ ಹಾಗೆ ಎಣಿಸಿ ತೋರಿಸಿದೆ. "ಹಾಗಾದರೆ ನಮಗೆ ಕೆಟ್ಟದ್ದು, ಅವರಿಗೆ ಒಳ್ಳೆಯದು ಅಂತಾಯ್ತಲ್ಲೋ?" ಅಂದರು. ನಮ್ಮ ಜೋಯಿಸರಿಗೆ ಫೋನ್ ಮಾಡಿ, ಮಿಕ್ಕ ಕೂಟಗಳು ಎಷ್ಟು ಬಂದಿವೆ ಅಂತ ಕೇಳಿದೆ. ಅವರೇ, "ಗಣ, ರಾಶಿ, ನಾಡಿ ಎಲ್ಲ ಇದೆಯಪ್ಪಾ, ದಿನ ಒಂದಕ್ಕೆ ಬಿಡಬೇಕು ಅಂತ ನಾನು ಹೇಳಲಿಲ್ಲ. ನೀವು ತಾರೆ ಕೇಳಿದಿರಿ, ತಾರೆ ಹೇಳಿದೆ" ಅಂದರು. ಮಾತುಕತೆ ಮುಂದುವರಿಯಿತು.

ತಾರಾಬಲ ನಿಜವಾಗಿ ಕೈಕಟ್ಟಿದ್ದು ಆಮೇಲೆ, ಮುಹೂರ್ತ ಇಡುವಾಗ. ಅಲ್ಲಿ ಲೆಕ್ಕವೇ ಬೇರೆ. ಹುಡುಗಿಯಿಂದ ಹುಡುಗನಿಗೆ ಎಣಿಸುವುದಲ್ಲ. ಇಬ್ಬರಿಂದಲೂ ಆ ದಿನದ ನಕ್ಷತ್ರಕ್ಕೆ ಎಣಿಸಬೇಕು. ಮೂರನೆಯ ನಕ್ಷತ್ರ ಒಂದು ನಡುವೆ ಬಂದ ಮೇಲೆ 29ರ ರಕ್ಷಣೆ ಇಲ್ಲ. ಇಬ್ಬರಿಗೂ ಒಟ್ಟಿಗೆ ಕೆಟ್ಟ ತಾರೆ ಬರಬಹುದು, ಬರುತ್ತದೆ ಕೂಡ.

ಛತ್ರ ಖಾಲಿ ಇದ್ದ ಮೊದಲ ದಿನ ಮೂಲ ನಕ್ಷತ್ರ. ಮದುವೆಗೆ ಆಗುವ ನಕ್ಷತ್ರಗಳ ಪಟ್ಟಿಯಲ್ಲಿ ಮೂಲವೂ ಇದೆ. ಹಾಗಾಗಿ ಚಿಕ್ಕಪ್ಪ ಮುಂಗಡ ಕೊಡುವುದಕ್ಕೇ ಹೊರಟಿದ್ದರು. ಹಸ್ತದಿಂದ ಎಣಿಸಿದರೆ ಮೂಲ ಏಳನೆಯದು, ನೈಧನ. ಅನುರಾಧದಿಂದ ಮೂರನೆಯದು, ವಿಪತ್. ಎರಡೂ ಮೊದಲ ಪರ್ಯಾಯ, ರಿಯಾಯಿತಿಗೂ ಜಾಗವಿಲ್ಲ. ಈ ಸಲ ಎರಡು ಕಡೆಯ ಜೋಯಿಸರೂ ಒಂದೇ ಬಾಯಲ್ಲಿ ಬೇಡ ಅಂದರು.

ಪಟ್ಟಿಯಲ್ಲಿದ್ದ ಬೇರೆ ನಕ್ಷತ್ರಗಳನ್ನು ಒಂದೊಂದಾಗಿ ಹಿಡಿದೆವು. ಸ್ವಾತಿ ಹುಡುಗಿಗೆ ವಿಪತ್. ಉತ್ತರಾಭಾದ್ರ ಹುಡುಗಿಗೆ ಹದಿನಾಲ್ಕನೆಯದು, ಮತ್ತೆ ಪ್ರತ್ಯಕ್. ಹುಡುಗನಿಗೆ ಅದು ಹತ್ತನೆಯದು, ಅನುಜನ್ಮ. ರೋಹಿಣಿ ಹುಡುಗನಿಗೆ ಹದಿನೈದು, ಸಾಧನ, ಚೆನ್ನಾಗಿದೆ. ಆದರೆ ಹುಡುಗಿಗೆ ಅದು ಹತ್ತೊಂಬತ್ತು, ತ್ರಿಜನ್ಮ, ಜೋಯಿಸರು ಮುಖ ಹಿಂಡಿದರು. ಕೊನೆಗೆ ರೇವತಿ. ಹಸ್ತದಿಂದ ಹದಿನೈದು, ಶೇಷ 6, ಸಾಧನ. ಅನುರಾಧದಿಂದ ಹನ್ನೊಂದು, ಶೇಷ 2, ಸಂಪತ್. ಇಬ್ಬರಿಗೂ ಕೂಡಿ ಬಂತು. ಆ ದಿನ ಛತ್ರ ಸಿಗುತ್ತದೆಯೇ ಅಂತ ಕೇಳುವುದಕ್ಕೆ ಚಿಕ್ಕಪ್ಪ ಮತ್ತೆ ಚಪ್ಪಲಿ ಮೆಟ್ಟಿದರು.